ಡೇರಿ ಬಟವಾಡೆ: ಕೈಗೆ ಬಂದದ್ದು 140 ರೂಪಾಯಿ

ಪ್ರಶ್ನೆ: "ಹಿಂಡಿ, ಷೇರು ಅಂತ ಹಿಡಿದು ಡೇರಿಯವರು ಕೈಗೆ ನೂರಿನ್ನೂರು ಕೊಡ್ತಾರೆ. ಬಿಟ್ಟು ಹೋಟೆಲಿಗೆ ಹಾಲು ಹಾಕೋದೇ ಒಳ್ಳೆಯದಲ್ವಾ?"

ಇದೇ ಸಿಟ್ಟಿನಲ್ಲಿ ನಾನು ಡೇರಿ ಬಿಟ್ಟಿದ್ದೆ. ಊರು ಶಿರಸಿ ಹತ್ತಿರ, ಎರಡು ಜರ್ಸಿ ಆಕಳು, ದಿನಕ್ಕೆ 8 ಲೀಟರ್ ಹಾಲು. ಜೂನಿನ ಒಂದು ಬಟವಾಡೆ ಚೀಟಿ ಇನ್ನೂ ಕಣ್ಣೆದುರಿಗಿದೆ. ಹತ್ತು ದಿನಕ್ಕೆ 80 ಲೀಟರ್, 33ರಂತೆ 2,640 ರೂಪಾಯಿ. ಹಿಂಡಿ ಎರಡು ಚೀಲ 2,400, ಷೇರು 100. ಕೈಗೆ 140. ಮರುದಿನವೇ ಹಾಲು ಹೋಟೆಲಿಗೆ ಹೋಯಿತು, ಲೀಟರಿಗೆ 38.

ನಾನು ತಪ್ಪಿದ್ದು ಇಲ್ಲಿ: ಒಂದೇ ಚೀಟಿ ನೋಡಿ ತೀರ್ಮಾನ ಮಾಡಿದೆ. ಚೀಲಕ್ಕೆ 50 ಕೆಜಿ, ಎರಡಕ್ಕೆ 100. ದಿನಕ್ಕೆ ಒಂದು ಆಕಳ ಮೈಗೆ ಒಂದೂವರೆ ಕೆಜಿ ಹಿಂಡಿ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ನಾಲ್ಕು ಲೀಟರ್ ಕೊಡುವ ಆಕಳಿಗೆ ಸುಮಾರು 3 ಕೆಜಿ ಆಯಿತು. ಎರಡಕ್ಕೂ ಸೇರಿ ದಿನಕ್ಕೆ 6, ಹತ್ತು ದಿನಕ್ಕೆ 60. ಅಂದರೆ ನಿಜವಾದ ಹಿಂಡಿ ಖರ್ಚು 1,440 ಮಾತ್ರ. ಉಳಿದ 960 ರೂಪಾಯಿ ಎಲ್ಲೂ ಹೋಗಿರಲಿಲ್ಲ, 40 ಕೆಜಿ ಹಿಂಡಿಯಾಗಿ ಕೊಟ್ಟಿಗೆಯ ಚೀಲದಲ್ಲೇ ಇತ್ತು! ಹದಿನಾರು ದಿನದ ಹಿಂಡಿಯನ್ನು ಹತ್ತು ದಿನದ ಹಾಲಿನಲ್ಲಿ ಹಿಡಿದಿದ್ದರು, ಅಷ್ಟೇ. ಹೋಟೆಲಿಗೆ ಹಾಲು ಕೊಟ್ಟರೂ ಆಕಳಿಗೆ ಹಿಂಡಿ ಬೇಕಲ್ವಾ? ಅದನ್ನು ಅಂಗಡಿಯಲ್ಲಿ ನಗದು ಕೊಟ್ಟು ತಂದೆ.

ಇನ್ನೊಂದು, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಅದು ಡೇರಿ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ನೇರ ಬ್ಯಾಂಕಿಗೆ ಬರುತ್ತದೆ, ಅದೂ ತಡವಾಗಿ. ಹಾಗಾಗಿ ನನ್ನ ಚೀಟಿಯಲ್ಲಿ ಕಾಣಲಿಲ್ಲ, ನಾನೂ ಲೆಕ್ಕಕ್ಕೆ ತರಲಿಲ್ಲ. 33ಕ್ಕೆ 5 ಸೇರಿಸಿ ನೋಡಿ, ಹೋಟೆಲಿನ 38 ಅಲ್ಲೇ ಇದೆ. ಮೇಲಾಗಿ ಹೋಟೆಲಿನವರಿಗೆ ಬೆಳಗಿನ ಹಾಲು ಮಾತ್ರ ಬೇಕಿತ್ತು. ಆಷಾಢದ ಮಳೆಯಲ್ಲಿ ಗಿರಾಕಿ ಕಮ್ಮಿಯಾದಾಗ ಅದೂ ಬೇಡವಾಯಿತು. ಮೂರು ತಿಂಗಳಲ್ಲಿ ಉಳಿದ ಹಾಲಿಗೆ ಸುಮ್ನೆ ಮಜ್ಜಿಗೆ ಕಡೆದು ಕಡೆದು ಸಾಕಾಯಿತು, ಮತ್ತೆ ಡೇರಿಗೇ ಬಂದೆ. ಆ ವರ್ಷದ ಬೋನಸ್ಸೂ ಇಳಿಯಿತು, ಅದನ್ನು ಹಾಕಿದ ಹಾಲಿನ ಮೇಲೆ ಕೊಡುತ್ತಾರೆ.

ಷೇರನ್ನು ಹಿಂಡಿಯ ಸಾಲಿಗೆ ಸೇರಿಸಲೇಬೇಡಿ. ಅದು ಖರ್ಚಲ್ಲ, ನಿಮ್ಮ ಹೆಸರಿನಲ್ಲಿರುವ ಬಂಡವಾಳ. ಗೊತ್ತುಮಾಡಿದ ಮೊತ್ತ ತುಂಬಿದ ಮೇಲೆ ನನಗೆ ಹಿಡಿಯುವುದು ನಿಂತಿತು. ಆದರೆ ಷೇರು ಪತ್ರ ಕೇಳಿ ಪಡೆಯಿರಿ, ನಿಮ್ಮ ಹೆಸರಿನಲ್ಲಿದೆಯೋ ತೀರಿಹೋದ ಅಪ್ಪನ ಹೆಸರಿನಲ್ಲೇ ಉಳಿದಿದೆಯೋ ನೋಡಿ.

ನಿಜವಾಗಿ ಸಂಶಯ ಪಡಬೇಕಾದ ಜಾಗ ಬೇರೆ. ಒಂದೇ ಚೀಲ "ಹಿಂದಿನ ಬಾಕಿ" ಎಂದೂ ಹೊಸ ಚೀಲ ಎಂದೂ ಎರಡು ಸಲ ಬೀಳುವುದುಂಟು. ಕಂಡರೆ ಸೆಕ್ರೆಟರಿ ಎದುರು ಹಿಂಡಿ ಪುಸ್ತಕ ತೆಗೆಸಿ. ನಾನು ಈಗ ಚೀಲ ತಂದ ದಿನವೇ ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ತಾರೀಖು ಬರೆಯುತ್ತೇನೆ. ಚೀಟಿ ಬಂದಾಗ ಗೋಡೆ ನೋಡಿಯೇ ಸಹಿ ಹಾಕುವುದು.