ಸುರುಸುರುಬತ್ತಿ ಹಿಡಿದು ಸುಟ್ಟ ಕೈಗೆ ಮೊದಲು ಏನು ಮಾಡಬೇಕು?

ಪ್ರಶ್ನೆ: ಹೋದ ದೀಪಾವಳಿಗೆ ನನ್ನ ಮಗಳ ಬೆರಳು ಸುರುಸುರುಬತ್ತಿಯಿಂದ ಸುಟ್ಟಿತ್ತು. ಒಬ್ಬರು ಐಸ್ ಇಡಿ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ಅಂದರು. ಯಾವುದು ಸರಿ?

ಎರಡೂ ಬೇಡ. ನೀರು ಸಾಕು. ಆದರೆ 20 ನಿಮಿಷ ಹಿಡಿಯಬೇಕು.

ನಾನು ರಾಯಚೂರಿನಲ್ಲಿ ವೈದ್ಯ. ಒಂದು ದೀಪಾವಳಿ ರಾತ್ರಿ ಎಂಟು ವರ್ಷದ ಹುಡುಗನನ್ನು ಕರೆತಂದರು. ಉರಿದು ಮುಗಿದ ಸುರುಸುರುಬತ್ತಿಯ ತಂತಿ ಕಪ್ಪಾಗಿದೆ, ಆರಿದೆ ಅಂದುಕೊಂಡು ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬೆಂಕಿ ಆರಿದರೂ ತಂತಿಯ ಕಾವು ಬೇಗ ಇಳಿಯುವುದಿಲ್ಲ. ಅಂಗೈಗೆ ಅಡ್ಡವಾಗಿ ಕೆಂಪು ಗೆರೆ, ಅದರ ಮೇಲೆ ದಪ್ಪಗೆ ಟೂತ್‌ಪೇಸ್ಟ್. ಸುಟ್ಟು ಮುಕ್ಕಾಲು ಗಂಟೆ ಆಗಿತ್ತು. ಒಣಗಿದ ಪೇಸ್ಟ್ ತೆಗೆಯುವಾಗ ಪಾಪ, ತುಂಬಾ ಅತ್ತ. ಪೇಸ್ಟ್ ಹಚ್ಚಿದಾಗ ತಂಪು ಅನಿಸುತ್ತದೆ ನಿಜ. ಆದರೆ ಚರ್ಮದ ಒಳಗಿನ ಕಾವು ಹೊರಗೆ ಬರುವುದಿಲ್ಲ, ಗಾಯ ಎಷ್ಟು ಆಳ ಅಂತ ನಮಗೂ ಕಾಣುವುದಿಲ್ಲ. ಅರಿಶಿನ, ತುಪ್ಪ, ಇಂಕು, ಕಾಫಿ ಪುಡಿ ಹಚ್ಚಿದರೂ ಇದೇ ಕಥೆ.

ಅಷ್ಟು ತಡವಾಗಿದ್ದರೂ ಅವನ ಕೈಯನ್ನು ನಲ್ಲಿ ಕೆಳಗೆ ಹಿಡಿಸಿದೆವು. ಸುಟ್ಟ ಮೂರು ಗಂಟೆಯೊಳಗೆ ತಣ್ಣೀರು ಬಿದ್ದರೆ ಉಪಯೋಗ ಇದ್ದೇ ಇದೆ. ಮೇಲಿನ ಚರ್ಮ ತಣ್ಣಗಾದ ಮೇಲೂ ಒಳಗಿನ ಪದರ ಬೇಯುತ್ತಲೇ ಇರುತ್ತದೆ. ಅದಕ್ಕೇ ಎರಡು ನಿಮಿಷ ಸಾಲದು, ಗಡಿಯಾರ ನೋಡಿಕೊಳ್ಳಿ. ನಮ್ಮ ಕಡೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸಂಜೆಯೂ ಬೆಚ್ಚಗಿರುತ್ತದೆ, ಅಲ್ವಾ? ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಲು ಬಿಟ್ಟು ನೋಡಿ. ಬೆಚ್ಚಗೇ ಬಂದರೆ ಕೊಡದ ನೀರನ್ನು ತಂಬಿಗೆಯಿಂದ ಸುರಿಯುತ್ತಾ ಇರಿ. ಐಸ್ ಬೇಡ ಅನ್ನುವುದು ಯಾಕೆಂದರೆ ಅದು ರಕ್ತನಾಳಗಳನ್ನು ಕುಗ್ಗಿಸಿ, ಸುಟ್ಟ ಚರ್ಮಕ್ಕೆ ರಕ್ತ ಬರದ ಹಾಗೆ ಮಾಡುತ್ತದೆ.

ನೀರು ಬೀಳುತ್ತಿರುವಾಗಲೇ ಉಂಗುರ, ಬಳೆ, ಕಡಗ ತೆಗೆಯಿರಿ. ಆಮೇಲೆ ಬೆರಳು ಊದಿಕೊಂಡರೆ ಉಂಗುರವನ್ನು ಕತ್ತರಿಸಬೇಕಾಗುತ್ತದೆ. ಬಟ್ಟೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ. ಕೊನೆಗೆ ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಸುತ್ತಿ. ಹತ್ತಿಯ ಉಂಡೆ ಇಡಬೇಡಿ, ಎಳೆ ಗಾಯಕ್ಕೆ ಅಂಟುತ್ತದೆ. ಗುಳ್ಳೆ ಎದ್ದರೆ ಒಡೆಯಬೇಡಿ. ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡಬಹುದು.

ಚಿಕ್ಕದಾಗಿ ಕೆಂಪಾಗಿದ್ದು, ಗುಳ್ಳೆ ಇಲ್ಲದಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಪಾದ, ಕೀಲು, ಮರ್ಮಾಂಗದ ಮೇಲೆ ಗುಳ್ಳೆ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಬನ್ನಿ. ಚರ್ಮ ಬೆಳ್ಳಗೋ ಕಪ್ಪಗೋ ಆಗಿ ನೋವೇ ಇಲ್ಲ ಅಂದರೆ ಸಮಾಧಾನ ಪಡಬೇಡಿ. ನರಗಳೂ ಸುಟ್ಟಿವೆ ಅಂತ ಅರ್ಥ, ಅದು ಆಳದ ಗಾಯ. ಕಣ್ಣಿಗೆ ಪಟಾಕಿ ಸಿಡಿದಿದ್ದರೆ ಉಜ್ಜಬೇಡಿ, ಒತ್ತಬೇಡಿ. ಪೇಪರ್ ಕಪ್ ಅಡ್ಡ ಹಿಡಿದು ಸೀದಾ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೇಳುತ್ತೇವೆ, ಮಗುವಿನ ಲಸಿಕೆ ಕಾರ್ಡ್ ತನ್ನಿ.

ಆ ಹುಡುಗನಿಗೆ ಮರುದಿನ ಎರಡು ಗುಳ್ಳೆ ಎದ್ದವು. ಒಡೆಯದೆ ಡ್ರೆಸ್ಸಿಂಗ್ ಮಾಡಿದೆವು. ಹತ್ತನೇ ದಿನ ಬಂದಾಗ ಮುಷ್ಟಿ ಕಟ್ಟಿ, ಬಿಚ್ಚಿ ತೋರಿಸಿದ.