‘ಜೊತೆಗೆ ಓದೋಣ್ವಾ?’ ಎಂದು ಕೇಳುವ ಮೊದಲು

ಇಂಟರ್ನಲ್ಸ್ ಹತ್ತಿರ ಬಂದಾಗಲೆಲ್ಲ ನನ್ನ ಬಳಿ ಒಂದೇ ಥರದ ಕೇಸ್ ಬರುತ್ತದೆ. ಕ್ಲಾಸಿನಲ್ಲಿ ಒಬ್ಬರ ಮೇಲೆ ಮನಸ್ಸಾಗಿದೆ. ನೇರವಾಗಿ ಹೇಳಲು ಧೈರ್ಯವಿಲ್ಲ. ‘ಜೊತೆಗೆ ಓದೋಣ ಅಂತ ಕೇಳಲಾ?’ ಹುಡುಗರೂ ಕೇಳುತ್ತಾರೆ, ಹುಡುಗಿಯರೂ ಕೇಳುತ್ತಾರೆ. ಕೇಳಿ ಅಂತಲೇ ಹೇಳುತ್ತೇನೆ. ಹೇಗೆ ಕೇಳುತ್ತಾರೆ ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಕೇಸ್ ಬರೆಯುತ್ತಿದ್ದೇನೆ.

20 ವರ್ಷದ ಹುಡುಗ, ಎಲೆಕ್ಟ್ರಾನಿಕ್ಸ್, ನಾಲ್ಕನೇ ಸೆಮ್. ಅವಳು ಅದೇ ಸೆಕ್ಷನ್, ಹಾಸ್ಟೆಲ್‌ನಲ್ಲಿರುವವಳು. ಕ್ಲಾಸ್ ಗ್ರೂಪ್ ಬಿಟ್ಟರೆ ಇಬ್ಬರಿಗೂ ಮಾತಿಲ್ಲ. ಅವನು ಮೊಬೈಲಿನಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದ ಮೆಸೇಜ್ ತೋರಿಸಿದ: ‘ನಂಗೆ ಕಂಟ್ರೋಲ್ ಸಿಸ್ಟಮ್ಸ್ ಏನೂ ಅರ್ಥ ಆಗ್ತಿಲ್ಲ. ನೀನು ತುಂಬಾ ಚೆನ್ನಾಗಿ ಓದ್ತೀಯ. ದಿನಾ ಸಂಜೆ ಹೇಳಿಕೊಡ್ತೀಯಾ? ನಿನ್ನ ಹತ್ರ ಕೂತ್ರೆ ತಲೆಗೆ ಹೋಗುತ್ತೆ ಅನ್ಸುತ್ತೆ.’

‘ಏನೂ ಅರ್ಥ ಆಗ್ತಿಲ್ಲ ಅನ್ನೋದು ನಿಜಾನಾ?’ ಎಂದೆ.

‘ಇಲ್ಲ ಮೇಡಂ, ಬೋಡ್ ಪ್ಲಾಟ್ ಚೆನ್ನಾಗೇ ಬರುತ್ತೆ. ಸುಮ್ನೆ ಹಾಗೆ ಬರೆದೆ.’

ಬೋಡ್ ಪ್ಲಾಟ್ ಅಂದರೆ ಆ ಸಬ್ಜೆಕ್ಟಿನಲ್ಲಿ ಬರುವ ಒಂದು ಬಗೆಯ ಗ್ರಾಫ್. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಈ ಕೇಸಿನಲ್ಲಿ ಎಲ್ಲರಿಗೂ ಕೇಳುವ ಪ್ರಶ್ನೆ ಅದು. ‘ಅವಳು ಬಂದು ಕೂತ ಐದು ನಿಮಿಷಕ್ಕೇ, ನಂಗೆ ಬೇರೆಯವರು ಇಷ್ಟ ಅಂತ ಗೊತ್ತಾಗುವ ಹಾಗೆ ಏನೋ ಹೇಳಿದಳು ಅಂತಿಟ್ಕೋ. ಆವತ್ತು ಕೂತು ಓದ್ತೀಯಾ, ಎದ್ದು ಹೋಗ್ತೀಯಾ?’

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ: ‘ಓದಲೇಬೇಕು ಮೇಡಂ. ಮೇಸನ್ಸ್ ಫಾರ್ಮುಲಾದಲ್ಲಿ ನಂಗೆ ಪ್ರತಿ ಸಲ ಒಂದು ಲೂಪ್ ಬಿಟ್ಟುಹೋಗುತ್ತೆ. ಹೋದ ಟೆಸ್ಟಲ್ಲಿ ಅಲ್ಲೇ ಮಾರ್ಕ್ಸ್ ಹೋಗಿದ್ದು.’

ನನಗೆ ಬೇಕಿದ್ದದ್ದು ಇದೇ. ಮೇಸನ್ಸ್ ಫಾರ್ಮುಲಾ ಅಂದರೆ ಚಿತ್ರದಲ್ಲಿರುವ ಲೂಪುಗಳನ್ನೆಲ್ಲ ಹುಡುಕಿ ಲೆಕ್ಕಕ್ಕೆ ಸೇರಿಸಬೇಕಾದ ಸೂತ್ರ, ಒಂದು ಬಿಟ್ಟರೂ ಉತ್ತರ ತಪ್ಪುತ್ತದೆ. ವಿಟಿಯು ಪೇಪರಿನಲ್ಲಿ ಐದು ಮಾಡ್ಯೂಲ್, ಒಂದೊಂದರಿಂದ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ ಅದರ ಮಾರ್ಕ್ಸ್ ಅಷ್ಟೂ ಹೋದಂತೆ. ಅವನಿಗೆ ನಿಜವಾದ ಅಗತ್ಯ ಇತ್ತು. ಅದನ್ನು ಬಿಟ್ಟು ಸುಳ್ಳು ದಡ್ಡತನ ತೋರಿಸಲು ಹೊರಟಿದ್ದ. ಆ ಸುಳ್ಳು ಹತ್ತು ನಿಮಿಷ ನಿಲ್ಲುವುದಿಲ್ಲ. ನಿಂತರೂ ಅವಳು ಪುಕ್ಕಟೆ ಟ್ಯೂಷನ್ ಟೀಚರ್ ಆಗುತ್ತಾಳೆ. ‘ದಿನಾ ಸಂಜೆ’ ಎಂದರೆ ಕೊನೆಯೇ ಇಲ್ಲ. ಇನ್ನು ಆ ಕೊನೆಯ ಸಾಲಿಗೆ ಅವಳು ಏನಂತ ಉತ್ತರ ಕೊಡಬೇಕು?

ಇಬ್ಬರೂ ಕೂತು ಮೆಸೇಜನ್ನು ಹೊಸದಾಗಿ ಬರೆದೆವು. ಕ್ಲಾಸಿನಲ್ಲಿ ಅವಳು ಬೋಡ್ ಪ್ಲಾಟ್ ಬಗ್ಗೆ ಎರಡು ಸಲ ಡೌಟ್ ಕೇಳಿದ್ದು ಅವನಿಗೆ ನೆನಪಿತ್ತು. ‘ಮೇಸನ್ಸ್ ಫಾರ್ಮುಲಾದಲ್ಲಿ ನಂಗೆ ಲೂಪ್ ಬಿಟ್ಟುಹೋಗುತ್ತೆ. ಬೋಡ್ ಪ್ಲಾಟ್ ನಾನು ಹೇಳಿಕೊಡಬಲ್ಲೆ. ಶನಿವಾರ 11ರಿಂದ 12.30 ಲೈಬ್ರರೀಲಿ ಒಂದು ಸಲ ಕೂರೋಣ್ವಾ? ಫ್ರೆಂಡ್ಸ್ ಬಂದ್ರೂ ಓಕೆ. ಆಗಲ್ಲ ಅಂದ್ರೂ ಪರವಾಗಿಲ್ಲ.’ ನಾಲ್ಕು ಜನ ಓಡಾಡುವ ಜಾಗ, ಮುಗಿಯುವ ಟೈಮ್, ಇಬ್ಬರಿಗೂ ಲಾಭ, ಬೇಡ ಎನ್ನಲು ದಾರಿ. ‘ನೋಡ್ತೀನಿ’ ಅಂತ ಎರಡು ಸಲ ಬಂದರೆ ಮೂರನೇ ಸಲ ಕೇಳಬೇಡ ಎಂದೂ ಹೇಳಿದೆ. ‘ಈ ವಾರ ಆಗಲ್ಲ, ಸೋಮವಾರ?’ ಅಂತ ಬಂದರೆ ಅದು ಬೇರೆ.

ಇದು ಮೋಸ ಅಲ್ವಾ ಎಂದು ಒಬ್ಬ ಸಹೋದ್ಯೋಗಿ ತಕರಾರು ತೆಗೆದರು. ನಾನು ಒಪ್ಪುವುದಿಲ್ಲ. ಕೇಳಿದ್ದು ಓದು, ಸಿಗುವುದೂ ಓದು. ಪರಿಚಯವೇ ಇಲ್ಲದವಳಿಗೆ ಏಕಾಏಕಿ ‘ಐ ಲವ್ ಯೂ’ ಎಂದರೆ ಅವಳು ತೀರ್ಮಾನ ಮಾಡುವುದು ಯಾವುದರ ಮೇಲೆ? ಮತ್ತೆ ಮತ್ತೆ ನೋಡಿದ್ದು ನಮಗೆ ನಿಧಾನವಾಗಿ ಇಷ್ಟವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ಬರೆದಿದ್ದರು. ಆದರೆ ಮೊದಲೇ ಕಿರಿಕಿರಿ ಅನ್ನಿಸಿದವರು ಪದೇ ಪದೇ ಎದುರಿಗೆ ಬಂದರೆ ಕಿರಿಕಿರಿಯೇ ಜಾಸ್ತಿಯಾಗುತ್ತದೆ. ಅದಕ್ಕೇ ‘ಒಂದು ಸಲ’ ಅಂತ ಕೇಳಿಸಿದ್ದು.

ಅವಳು ಬಂದಳು, ಗೆಳತಿಯ ಜೊತೆ. ಹುಡುಗ ಮುಖ ಸಪ್ಪಗೆ ಮಾಡಿಕೊಂಡು ನನ್ನ ಹತ್ತಿರ ಬಂದ. ನೀನೇ ಕರೆದಿದ್ದೀಯಲ್ಲಪ್ಪಾ ಎಂದೆ. ಯಾರಾದರೂ ನೋಡಿ ಕಾಲೇಜಿನಲ್ಲಿ ಗುಲ್ಲೆಬ್ಬಿಸಿದರೆ ಹೆಚ್ಚು ಅನುಭವಿಸುವುದು ಅವಳು. ಗೆಳತಿಯನ್ನು ಕರೆತಂದದ್ದು ಅವನ ಮೇಲಿನ ಅನುಮಾನ ಅಂತ ತಿಳಿಯಬೇಕಿಲ್ಲ. ಓದಿನ ವಿಷಯ ಕೇಳಿದಾಗ ಮಾತ್ರ ಅವನಿಗೆ ಲವಲವಿಕೆ ಬಂತು. ಅವಳು ಒಂದೊಂದು ಲೂಪನ್ನೂ ಒಂದೊಂದು ಬಣ್ಣದ ಪೆನ್ನಲ್ಲಿ ತಿದ್ದುತ್ತಾಳಂತೆ. ಒಂದಕ್ಕೊಂದು ತಾಗದ ಲೂಪುಗಳು ಕಣ್ಣಿಗೇ ಕಾಣುತ್ತವಂತೆ. ಇವನು ಸೆಮಿಲಾಗ್ ಶೀಟ್ ಮೇಲೆ ಇಬ್ಬರಿಗೂ ಸ್ಲೋಪ್ ಎಳೆದು ತೋರಿಸಿದ.

ಮುಂದಿನ ಸಲ ಯಾರು ಕರೆಯುತ್ತಾರೆ ನೋಡು ಎಂದು ಹೇಳಿ ಕಳಿಸಿದೆ. ಪ್ರತಿ ಸಲ ನೀನೇ ಕರೆಯಬೇಕಾಗಿ ಬಂದರೆ ಅದು ಓದು ಅಷ್ಟೇ. ಹತ್ತು ದಿನದ ಮೇಲೆ ಅವಳೇ ಐದನೇ ಮಾಡ್ಯೂಲಿಗೆ ಕರೆದಳು. ಗೆಳತಿ ಆಗಲೂ ಇದ್ದಳು.

‘ಈಗ ಹೇಳಿಬಿಡಲಾ ಮೇಡಂ?’ ಎಂದ. ಪರೀಕ್ಷೆ ಮುಗಿಯಲಿ ಎಂದೆ. ಮೊದಲೇ ಹೇಳಿ ಅವಳು ಒಲ್ಲೆ ಎಂದರೆ ಇಬ್ಬರ ಓದೂ ಕೆಡುತ್ತದೆ. ಬೋಡ್ ಪ್ಲಾಟ್ ಕಲಿಸಿಕೊಟ್ಟವನಿಗೆ ಇಲ್ಲ ಎನ್ನುವುದು ಹೇಗೆ ಎಂಬ ಮುಲಾಜಿಗೂ ಅವಳು ಬೀಳಬಾರದು. ಹೇಳುವಾಗ ಎದುರಾಎದುರು, ಒಂದೇ ಮಾತಲ್ಲಿ ಹೇಳು, ನೋಟ್ಸ್ ವಿಷಯ ಎತ್ತಬೇಡ ಎಂದೆ.

ಪರೀಕ್ಷೆ ಮುಗಿದಿದೆ. ಅವನು ಇನ್ನೂ ಹೇಳಿಲ್ಲ, ನಾನೂ ಒತ್ತಾಯ ಮಾಡಿಲ್ಲ.