ಪ್ರಶ್ನೆ ಸುಲಭವಾದರೆ ಹೆದರುವುದೇಕೆ?

*ಮಾನ್ಯ ಸಂಪಾದಕರೇ, ನಾನು ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ಗೆ ಓದುತ್ತಿದ್ದೇನೆ. ಅಣಕು ಪರೀಕ್ಷೆಯಲ್ಲಿ ಗಣಿತದ ಒಂದು ಪ್ರಶ್ನೆ ತೀರಾ ಸುಲಭದ್ದು ಬಂತು. ಉತ್ತರ ತಪ್ಪಿದರೆ ಕಂಪ್ಯೂಟರ್ ಮುಂದಿನದನ್ನು ಸುಲಭದ್ದು ಕೊಡುತ್ತದಂತೆ. ಹಿಂದಿನ ಉತ್ತರ ತಪ್ಪಾಗಿರಬೇಕು ಅಂತ ಕೈಕಾಲು ತಣ್ಣಗಾಯಿತು. ಕೊನೆಯ ನಾಲ್ಕು ಪ್ರಶ್ನೆ ಮುಟ್ಟಲೇ ಆಗಲಿಲ್ಲ. ಮೊದಲ ಹತ್ತನ್ನು ಸರಿ ಮಾಡಿದರೆ ಸಾಕು ಎನ್ನುತ್ತಾರೆ ಕೋಚಿಂಗ್‌ನವರು. ಎಲ್ಲರಿಗೂ ಒಂದೇ ಪತ್ರಿಕೆ ಕೊಟ್ಟರೆ ನ್ಯಾಯ ಅಲ್ವಾ?*
*— ಓದುಗಿ, ದಾವಣಗೆರೆ*

ನ್ಯಾಯದ ಮಾತು ಮೊದಲು ಮುಗಿಸಿಬಿಡೋಣ. ಒಂದೇ ಪತ್ರಿಕೆಯಾದರೆ ಮರುದಿನ ಕೀ ಉತ್ತರ ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ಜಿಮ್ಯಾಟ್‌ನಲ್ಲಿ ಆ ಸೌಲಭ್ಯ ಇಲ್ಲ. ಅಷ್ಟನ್ನು ಒಪ್ಪುತ್ತೇನೆ.

ಆದರೆ ತಂಗಿ, ಆ ಸುಲಭದ ಪ್ರಶ್ನೆಗೆ ನೀವು ಹೆದರಿದ್ದು ಸುಮ್ನೆ. ಕಂಪ್ಯೂಟರ್ ಪ್ರತಿ ಉತ್ತರದ ನಂತರ ನಿಮ್ಮ ಮಟ್ಟವನ್ನು ಅಂದಾಜು ಮಾಡಿ, ಅದರ ಹತ್ತಿರದ ಪ್ರಶ್ನೆ ಹುಡುಕುತ್ತದೆ, ನಿಜ. ಆದರೆ ಅದಕ್ಕೆ ಬೇರೆ ಲೆಕ್ಕಗಳೂ ಇವೆ. ಎಲ್ಲ ವಿಷಯಗಳಿಂದಲೂ ಇಷ್ಟಿಷ್ಟು ಪ್ರಶ್ನೆ ಬರಬೇಕು. ಅಂಕಕ್ಕೆ ಸೇರದ, ಬರೀ ಪರೀಕ್ಷಿಸಿ ನೋಡಲು ಹಾಕಿದ ಪ್ರಶ್ನೆಗಳೂ ನಡುವೆ ಇರುತ್ತವೆ. ಅದೂ ಅಲ್ಲದೆ, ಕಷ್ಟ ಎಷ್ಟು ಅನ್ನುವುದು ಹಿಂದೆ ಬರೆದ ಸಾವಿರಾರು ಜನರ ಉತ್ತರದಿಂದ ತೀರ್ಮಾನವಾಗಿರುತ್ತದೆ. ಅವರು ಎಡವಿದ ಶೇಕಡಾ ಲೆಕ್ಕ ನಿಮಗೆ ಹೈಸ್ಕೂಲಿನಿಂದಲೇ ನೀರು ಕುಡಿದಷ್ಟು ಸಲೀಸಾಗಿರಬಹುದು. ಪರದೆ ನೋಡಿ ಅಂಕ ಊಹಿಸಲು ಯಾರಿಗೂ ಆಗುವುದಿಲ್ಲ.

ಉತ್ತರ ನೋಡಿ ಮುಂದಿನ ಪ್ರಶ್ನೆ ಕೊಡುವ ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞ 1908ರಲ್ಲಿ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆಯ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ. ಮಗು ಸೋಲುವ ಮಟ್ಟ ಸಿಗುವವರೆಗೆ ಮೇಲೆ ಹೋಗುವುದು ಅದರ ರೀತಿ. ಸೋಲು ಸಿಗದಿದ್ದರೆ ಅಳತೆಯೇ ಮುಗಿಯದು. ಜಿಮ್ಯಾಟ್ 1997ರಲ್ಲಿ ಇದೇ ದಾರಿಗೆ ಬಂತು. ಅದಕ್ಕೇ ಅಲ್ಲಿ ಜಾಣರಿಗೂ ತಪ್ಪುಗಳು ಜಾಸ್ತಿಯೇ ಆಗುತ್ತವೆ.

ನಿಮಗೆ ಪೆಟ್ಟು ಕೊಟ್ಟದ್ದು ಆ ಕೊನೆಯ ನಾಲ್ಕು. ಗಣಿತದ ಭಾಗದಲ್ಲಿ 45 ನಿಮಿಷಕ್ಕೆ 21 ಪ್ರಶ್ನೆ, ಅಂದರೆ 15 ನಿಮಿಷಕ್ಕೆ ಏಳು. ನೀವು 5ನೇ ಮತ್ತು 9ನೇ ಪ್ರಶ್ನೆಗೆ ಆರಾರು ನಿಮಿಷ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಉಳಿದ 19ಕ್ಕೆ 33 ನಿಮಿಷ. ಒಂದೊಂದಕ್ಕೆ ಒಂದೂಮುಕ್ಕಾಲು ನಿಮಿಷವೂ ಇಲ್ಲ. ಆಮೇಲಿನ ಓಟದಲ್ಲಿ ಬರುವ ಲೆಕ್ಕವೂ ತಪ್ಪುತ್ತದೆ. ನಿಮ್ಮ ಮಟ್ಟಕ್ಕಿಂತ ಕೆಳಗಿನದು ತಪ್ಪಿದರೆ, ಮೇಲಿನದು ತಪ್ಪಿದ್ದಕ್ಕಿಂತ ಅಂದಾಜು ಹೆಚ್ಚು ಇಳಿಯುತ್ತದೆ. ಉತ್ತರಿಸದೆ ಬಿಟ್ಟದ್ದಕ್ಕೆ ದಂಡ ಬೇರೆ. ಮೊದಲ ಹತ್ತಕ್ಕೆ ಸಮಯ ಸುರಿಯಿರಿ ಎಂಬ ಉಪದೇಶ ಮುಟ್ಟುವುದು ಇಲ್ಲಿಗೇ.

ಹಾಗಾಗಿ ಗಡಿಯಾರವನ್ನು ಎರಡೇ ಸಲ ನೋಡಿ. ಏಳು ಮುಗಿದಾಗ 30 ನಿಮಿಷ ಉಳಿದಿರಬೇಕು, ಹದಿನಾಲ್ಕು ಮುಗಿದಾಗ 15. ಒಂದು ಪ್ರಶ್ನೆಗೆ ಮೂರು ನಿಮಿಷವಾದರೂ ದಾರಿ ಕಾಣದಿದ್ದರೆ, ಆಗದ ಆಯ್ಕೆಗಳನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಒಂದನ್ನು ಒತ್ತಿ ಮುಂದೆ ಹೋಗಿ. ಉತ್ತರ ಕೊಡದೆ ಮುಂದಿನ ಪ್ರಶ್ನೆ ತೆರೆಯುವುದಿಲ್ಲ. ಈಗಿನ ಜಿಮ್ಯಾಟ್‌ನಲ್ಲಿ ಅನುಮಾನದ ಪ್ರಶ್ನೆಗೆ ಗುರುತು ಹಾಕಿ, ಭಾಗದ ಕೊನೆಯಲ್ಲಿ ಮೂರು ಉತ್ತರಗಳವರೆಗೆ ಬದಲಿಸಬಹುದು. ಆದರೆ ಅದಕ್ಕೂ ಸಮಯ ಉಳಿದಿರಬೇಕಲ್ಲ! ಇದನ್ನು ಪುಸ್ತಕದ ಹಿಂದಿನ ಅಭ್ಯಾಸದಿಂದ ಕಲಿಯಲಾಗದು. mba.com ನಲ್ಲಿ ಸಿಗುವ ಅಧಿಕೃತ ಅಣಕು ಪರೀಕ್ಷೆಗಳಲ್ಲಿ ಮೊದಲ ಎರಡು ಉಚಿತ. ಅವನ್ನು ಆರಂಭದಲ್ಲೇ ಖರ್ಚು ಮಾಡಿಬಿಡಬೇಡಿ.

ಬಿಡುವುದೇ ನಮ್ಮವರಿಗೆ ಕಷ್ಟ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ ಕೊಡುತ್ತಾರೆ. ಇಡೀ ಪತ್ರಿಕೆ ತಿರುವಿ, ಗೊತ್ತಿರುವುದನ್ನು ಮೊದಲು ಬರೆಯುತ್ತೇವೆ. ನಮ್ಮ ಗಣಿತದ ಮೇಷ್ಟ್ರು ಹೇಳಿಕೊಟ್ಟದ್ದೂ ಅದನ್ನೇ, ಆ ಪರೀಕ್ಷೆಗೆ ಅದು ಸರಿಯೇ. ಜೊತೆಗೆ, ಬಿಟ್ಟ ಒಂದಂಕಕ್ಕೂ ಲೆಕ್ಕ ಕೇಳುತ್ತಿದ್ದರು. ಈಗ ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ನೋಡಿ, 625ಕ್ಕೆ 625! ಮಕ್ಕಳ ಶ್ರಮಕ್ಕೆ ಮೆಚ್ಚುಗೆ ಇದೆ. ಆದರೆ ಅಷ್ಟೂ ಸರಿಯಾದ ಪತ್ರಿಕೆ ಆ ಹುಡುಗಿಗೆ ಇನ್ನೆಷ್ಟು ಬರುತ್ತಿತ್ತು ಅಂತ ಹೇಳಲಾರದು. ಅವಳ ಪಾಲಿಗೆ ಪತ್ರಿಕೆ ಮುಗಿದುಹೋಯಿತು, ಅವಳು ಮುಗಿದಿರಲಿಲ್ಲ. ಇಂಥ ಹುಡುಗಿಗೆ ಐದು ವರ್ಷದ ನಂತರ ಜಿಮ್ಯಾಟ್‌ನ ಒಂದೇ ಭಾಗದಲ್ಲಿ ಆರೇಳು ತಪ್ಪಾದರೆ, ತಾನು ದಡ್ಡಿ ಅಂತ ಅಳುತ್ತಾಳೆ. ಅವಳ ಮುಂದೆ ಫ್ಲೆಕ್ಸ್ ಹಾಕಿದವರು ಯಾರೂ ಇರುವುದಿಲ್ಲ.

ನೀವು ಮುಂದಿನ ಅಣಕು ಪರೀಕ್ಷೆಯ ನಂತರ ಮತ್ತೆ ಬರೆಯಿರಿ. ಅಂಕ ತಿಳಿಸುವುದು ಬೇಡ. ಹದಿನಾಲ್ಕನೆಯ ಪ್ರಶ್ನೆ ಮುಗಿದಾಗ ಎಷ್ಟು ನಿಮಿಷ ಉಳಿದಿತ್ತು, ಎಷ್ಟನ್ನು ಬೇಕಂತಲೇ ಊಹೆಗೆ ಬಿಟ್ಟಿರಿ, ಅದಷ್ಟೇ ಸಾಕು.